ಗೋಕರ್ಣಕ್ಕೊಂದು ಕರಪತ್ರ, ಮೂರು ಭಾಷೆಗಳಲ್ಲಿ: ಬರೆಯುವ ಕ್ರಮ

ಕ್ಷೇತ್ರವೊಂದಕ್ಕೆ ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ ಪ್ರವಾಸಿ ಕರಪತ್ರ ಬೇಕು ಎಂದಾಗ ಬಹುತೇಕರು ಹಿಡಿಯುವ ದಾರಿ ಒಂದೇ. ಕನ್ನಡದಲ್ಲಿ ಒಂದು ಬರಹ ಸಿದ್ಧವಾಗುತ್ತದೆ, ಅದನ್ನು ಇಬ್ಬರು ಅನುವಾದಿಸುತ್ತಾರೆ, ಮೂರನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ಅಚ್ಚು ಹಾಕಿಸಲಾಗುತ್ತದೆ. ಹಾಗೆ ಮಾಡಿದ ಹಾಳೆಯಲ್ಲಿ ಪ್ರತಿಯೊಬ್ಬ ಓದುಗನಿಗೂ ಮೂರರಲ್ಲಿ ಒಂದು ಪಾಲು ಜಾಗ ಮಾತ್ರ ಸಿಗುತ್ತದೆ, ಮತ್ತು ಆ ಪಾಲಿನಲ್ಲಿಯೂ ಅವನಿಗೆ ಬೇಡದ ಸಂಗತಿಗಳೇ ಅರ್ಧ ತುಂಬಿರುತ್ತವೆ. ಕುಮಟಾ ಮತ್ತು ಗೋಕರ್ಣದ ಕೆಲವು ವಸತಿಗೃಹದವರಿಗಾಗಿ ಇಂಥ ಕರಪತ್ರವನ್ನು ಎರಡು ಬಾರಿ ಬರೆದುಕೊಟ್ಟವನು ನಾನು. ಮೊದಲ ಬಾರಿ ಅನುವಾದದ ದಾರಿಯಲ್ಲೇ ಹೋಗಿ ಕೆಡಿಸಿಕೊಂಡೆ. ಎರಡನೆಯ ಬಾರಿ ಅನುಸರಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಗೋಕರ್ಣವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ, ಏಕೆಂದರೆ ಪಿತೃಕಾರ್ಯಕ್ಕೆ ಬರುವವರು, ಆತ್ಮಲಿಂಗದ ದರ್ಶನಕ್ಕೆ ಬರುವವರು, ಕಡಲತೀರಕ್ಕೆಂದೇ ಬರುವವರು ಒಂದೇ ರಥಬೀದಿಯಲ್ಲಿ ಎದುರುಬದುರಾಗುವ ಊರು ನಮ್ಮ ಕರಾವಳಿಯಲ್ಲಿ ಇದರಷ್ಟು ಸ್ಪಷ್ಟವಾಗಿ ಇನ್ನೊಂದಿಲ್ಲ.

ಮೊದಲ ಹೆಜ್ಜೆ: ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುವುದು

ಬರೆಯಲು ಕೂರುವ ಮೊದಲು ಬಸ್ ನಿಲ್ದಾಣದ ಬಳಿಯ ಒಂದು ಅಂಗಡಿಯಲ್ಲಿ, ಒಂದು ವಸತಿಗೃಹದ ಮೇಜಿನ ಮೇಲೆ, ಸಾಧ್ಯವಾದರೆ ಒಬ್ಬ ಆಟೋ ಚಾಲಕನ ಬಳಿ ಒಂದೊಂದು ನೋಟ್‌ಬುಕ್ ಇಡಬೇಕು. ಬಂದವರು ಏನು ಕೇಳಿದರು, ಯಾವ ಭಾಷೆಯಲ್ಲಿ ಕೇಳಿದರು ಎಂಬ ಎರಡೇ ಕಾಲಂ ಸಾಕು. ಎರಡು ವಾರ ಬರೆಸಿದರೆ ಸಾಕಾಗುತ್ತದೆ, ಆದರೆ ಆ ಎರಡು ವಾರದೊಳಗೆ ಒಂದು ಅಮಾವಾಸ್ಯೆಯೂ ಒಂದು ವಾರಾಂತ್ಯವೂ ಬರುವಂತೆ ನೋಡಿಕೊಳ್ಳಬೇಕು. ಅಮಾವಾಸ್ಯೆಗೆ ಬರುವ ಜನವೇ ಬೇರೆ, ಶನಿವಾರ ಬರುವ ಜನವೇ ಬೇರೆ.

ನಮ್ಮ ನೋಟ್‌ಬುಕ್‌ನಲ್ಲಿ ಕನ್ನಡದ ಪ್ರಶ್ನೆಗಳು ಹೆಚ್ಚಾಗಿ ಕೆಲಸಕ್ಕೂ ಹೊತ್ತಿಗೂ ಸಂಬಂಧಿಸಿದ್ದವು. ಹಾವೇರಿ ಕಡೆಯ ಹಿರಿಯರೊಬ್ಬರು ಕೇಳಿದ್ದನ್ನು ಅಂಗಡಿಯ ಹುಡುಗ ಹಾಗೆಯೇ ಬರೆದಿಟ್ಟಿದ್ದ: "ಕಾರ್ಯಾ ಮಾಡಸೂದು ಎಲ್ಲಿ, ಭಟ್ಟರನ್ನ ಯಾರನ್ನ ಕೇಳಬೇಕು, ಸಂಜೀ ಒಳಗ ಹುಬ್ಬಳ್ಳಿ ಬಸ್ ಸಿಗತೈತೇನ್ರಿ?" ಗೋಕರ್ಣ ಎಂದರೇನು, ಮಹಾಬಲೇಶ್ವರ ಯಾರು ಎಂದು ಕನ್ನಡದಲ್ಲಿ ಕೇಳಿದವರು ಒಬ್ಬರೂ ಇರಲಿಲ್ಲ. ಹಿಂದಿಯಲ್ಲಿ ಕೇಳಿದವರಿಗೆ ಶಿವಲಿಂಗದ ಬಗ್ಗೆ ವಿವರಣೆ ಬೇಕಿರಲಿಲ್ಲ. ಈ ಲಿಂಗದ ವಿಶೇಷವೇನು, ಬೆಳ್ಳುಳ್ಳಿ ಇಲ್ಲದ ಊಟ ಎಲ್ಲಿ, ಮುರುಡೇಶ್ವರವನ್ನು ಅದೇ ದಿನ ಮುಗಿಸಬಹುದೇ ಎಂಬವು ಅವರ ಪ್ರಶ್ನೆಗಳು. ಇಂಗ್ಲಿಷ್‌ನಲ್ಲಿ ಕೇಳಿದವರಲ್ಲಿ ಎರಡು ಗುಂಪು. ವಿದೇಶದಿಂದ ಬಂದವರು ದೇವಸ್ಥಾನದೊಳಗೆ ನಾವು ಹೋಗಬಹುದೇ ಎಂದು ಕೇಳುತ್ತಿದ್ದರು. ಬೆಂಗಳೂರು, ಪುಣೆ, ಹೈದರಾಬಾದುಗಳಿಂದ ಬಂದ ತರುಣರು ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡ ಹತ್ತಿ ನಡೆದು ಹೋಗುವ ದಾರಿ ಕೇಳುತ್ತಿದ್ದರು. ಇಂಗ್ಲಿಷ್ ಓದುಗ ಎಂದರೆ ವಿದೇಶಿಯನೇ ಎಂದು ಭಾವಿಸಿ ಬರೆಯುವುದು ಈ ಕೆಲಸದ ಹಳೆಯ ತಪ್ಪುಗಳಲ್ಲೊಂದು.

ಈ ಪ್ರಶ್ನೆಗಳೇ ಕರಪತ್ರದ ಒತ್ತು ಎಲ್ಲಿ ಬೀಳಬೇಕು ಎಂಬುದನ್ನು ನಿರ್ಧರಿಸುತ್ತವೆ. ಮೂರು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಒಂದೇ ಬರಹದ ಮೂರು ಅನುವಾದಗಳು ಇವಕ್ಕೆ ಉತ್ತರವಾಗಲಾರವು ಎಂಬುದು ಸ್ಪಷ್ಟವಾಯಿತು. ಆದ್ದರಿಂದ ಮೂರು ಪ್ರತ್ಯೇಕ ಕರಪತ್ರಗಳನ್ನೇ ಮಾಡಿದೆವು. ಅಳತೆ ಒಂದೇ, ನಕ್ಷೆ ಒಂದೇ, ತಲೆಪಟ್ಟಿಯ ಬಣ್ಣ ಮಾತ್ರ ಬೇರೆ. ಬಣ್ಣ ಬೇರೆ ಇದ್ದರೆ ಕೌಂಟರಿನಲ್ಲಿ ಕೂತವರು ಓದದೆಯೇ ಸರಿಯಾದ ಪ್ರತಿಯನ್ನು ಎತ್ತಿಕೊಡಬಲ್ಲರು.

ಎರಡನೆಯ ಹೆಜ್ಜೆ: ಬದಲಾಗಬಾರದ ಸಂಗತಿಗಳ ಪಟ್ಟಿ

ಮೂರು ಬರಹಗಳು ಬೇರೆ ಬೇರೆಯಾದರೂ ಸಂಗತಿಗಳು ಒಂದೇ ಆಗಿರಬೇಕು. ಅದಕ್ಕಾಗಿ ಬರೆಯುವ ಮೊದಲೇ ಒಂದು ಪಟ್ಟಿ ಸಿದ್ಧವಾಗಬೇಕು. ಅದರಲ್ಲಿ ಸಂಗತಿ, ಅದನ್ನು ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬ ಮೂರು ಕಾಲಂ ಇರಲಿ. ದೇವಸ್ಥಾನದ ಬಾಗಿಲು ತೆರೆಯುವ ಮತ್ತು ಮುಚ್ಚುವ ಹೊತ್ತು, ಉಡುಪಿನ ನಿಯಮ, ಗರ್ಭಗುಡಿಯ ಪ್ರವೇಶದ ನಿಯಮ, ಫೋಟೋ ನಿಷೇಧ, ರೈಲು ನಿಲ್ದಾಣದಿಂದ ಊರಿಗೆ ಇರುವ ದೂರ, ಕಡಲಿನ ಅಪಾಯ ಇವೆಲ್ಲ ಈ ಪಟ್ಟಿಗೆ ಸೇರುತ್ತವೆ. ದೇವಸ್ಥಾನದ ನಿಯಮಗಳನ್ನು ದೇವಸ್ಥಾನದ ಕಚೇರಿಯಿಂದಲೇ ಕೇಳಿ ಬರೆದುಕೊಳ್ಳಬೇಕು. ಅಂತರ್ಜಾಲದಲ್ಲಿ ಇರುವ ಸಮಯಗಳು ಒಂದಕ್ಕೊಂದು ಹೊಂದುವುದಿಲ್ಲ.

ಒತ್ತು ಬದಲಾಗಬಹುದು, ನಿಯಮ ಬದಲಾಗಬಾರದು. ನಮ್ಮ ಮೊದಲ ಕರಪತ್ರದಲ್ಲಿ ಗಂಡಸರು ಅಂಗಿ ಕಳಚಿ ಪಂಚೆ ಉಟ್ಟು ಒಳಗೆ ಹೋಗಬೇಕೆಂಬ ಸೂಚನೆ ಇಂಗ್ಲಿಷ್‌ನಲ್ಲಿ ಮಾತ್ರ ಇತ್ತು. ನಮ್ಮವರಿಗೆ ಇದು ಗೊತ್ತೇ ಇರುತ್ತದೆ ಎಂದು ನಾನು ಊಹಿಸಿದ್ದೆ. ಉತ್ತರ ಭಾರತದ ಬಹಳಷ್ಟು ದೇವಸ್ಥಾನಗಳಲ್ಲಿ ಅಂಗಿ ತೆಗೆಯುವ ಪದ್ಧತಿ ಇಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ದೂರದಿಂದ ಬಂದ ಕುಟುಂಬವೊಂದು ಬಾಗಿಲಲ್ಲಿ ನಿಂತು, ಇಂಗ್ಲಿಷ್ ಓದುವವರಿಗೆ ಹೇಳಿದ್ದನ್ನು ನಮಗೇಕೆ ಹೇಳಲಿಲ್ಲ ಎಂದು ಕೇಳಿದಾಗ ಕೊಡಲು ಉತ್ತರವಿರಲಿಲ್ಲ. ಅದೇ ರೀತಿ, ಇಂಥ ಬಟ್ಟೆಯಲ್ಲಿ ರಥಬೀದಿಯಲ್ಲಿ ಓಡಾಡಬೇಡಿ ಎಂಬ ಮಾತು ಇಂಗ್ಲಿಷ್‌ನಲ್ಲಿ ಮಾತ್ರ ಇದ್ದರೆ ಅದು ಸೂಚನೆಯಾಗದೆ ಬೈಗುಳವಾಗುತ್ತದೆ. ನಿಯಮಗಳ ಚೌಕಟ್ಟು ಮೂರು ಕರಪತ್ರಗಳಲ್ಲೂ ಒಂದೇ ಜಾಗದಲ್ಲಿ, ಒಂದೇ ಕ್ರಮದಲ್ಲಿ ಇರಲಿ.

ಊರ ಹೆಸರು, ಬೀದಿಯ ಹೆಸರು, ತೀರ್ಥದ ಹೆಸರುಗಳನ್ನು ಅನುವಾದಿಸಬಾರದು. ರಥಬೀದಿಯನ್ನು ಇಂಗ್ಲಿಷಿನಲ್ಲಿ 'ಕಾರ್ ಸ್ಟ್ರೀಟ್' ಎಂದು ಬರೆಯುವುದು ಕರಾವಳಿಯಲ್ಲಿ ರೂಢಿ. ತೇರು ಎಂಬ ಅರ್ಥದ 'ಕಾರ್' ನಮಗೆ ಗೊತ್ತು, ಬರುವವನಿಗೆ ಗೊತ್ತಿಲ್ಲ. ಆ ಹೆಸರನ್ನು ನಂಬಿ ಬಾಡಿಗೆ ಕಾರನ್ನು ನಿಲ್ಲಿಸಲೆಂದು ರಥಬೀದಿಯೊಳಗೇ ನುಗ್ಗಿಸಿದವರೊಬ್ಬರನ್ನು ಹಿಂದಕ್ಕೆ ಕಳುಹಿಸಲು ಅರ್ಧ ಬೀದಿಯೇ ಸೇರಬೇಕಾಯಿತು. ಕೋಟಿತೀರ್ಥವನ್ನು 'ಟ್ಯಾಂಕ್' ಎಂದರೆ ಭಾರತದ ಹೊರಗಿನವರಿಗೆ ಮನೆಯ ಮೇಲಿನ ನೀರಿನ ತೊಟ್ಟಿ ನೆನಪಾಗುತ್ತದೆ. ಹೆಸರನ್ನು ಉಚ್ಚಾರದಂತೆಯೇ ಬರೆದು, ಮೊದಲ ಸಲ ಬಂದಾಗ ಮಾತ್ರ 'ತೇರು ಎಳೆಯುವ ಮುಖ್ಯ ಬೀದಿ', 'ಮೆಟ್ಟಿಲುಗಳಿರುವ ದೊಡ್ಡ ಪವಿತ್ರ ಕೊಳ' ಎಂದು ವಿವರಿಸಿದರೆ ಸಾಕು. ಆಟೋದವನಿಗೆ ಅರ್ಥವಾಗುವ ಹೆಸರೇ ಓದುಗನ ಬಾಯಲ್ಲೂ ಇರಬೇಕು.

ಮೂರನೆಯ ಹೆಜ್ಜೆ: ಕನ್ನಡದ ಪ್ರತಿ

ಮೂರರಲ್ಲಿ ಇದು ಅತ್ಯಂತ ಸುಲಭ ಎಂದು ತೋರುತ್ತದೆ, ಆದ್ದರಿಂದಲೇ ಕೆಡುತ್ತದೆ. ಕನ್ನಡದಲ್ಲಿ ಬರೆಯುವಾಗ ಸ್ಥಳಪುರಾಣಕ್ಕೆ ಎರಡು ಪುಟ ಕೊಟ್ಟು, ಬಸ್ಸಿನ ವಿಷಯಕ್ಕೆ ಎರಡು ಸಾಲು ಉಳಿಸಿಕೊಳ್ಳುವ ಅಭ್ಯಾಸ ನಮಗಿದೆ. ರಾವಣ ಆತ್ಮಲಿಂಗವನ್ನು ಹೊತ್ತು ಬಂದದ್ದು, ಸಂಧ್ಯಾವಂದನೆಯ ಹೊತ್ತಿಗೆ ವಟುವಿನ ವೇಷದ ಗಣಪತಿಯ ಕೈಗೆ ಕೊಟ್ಟದ್ದು, ಗಣಪತಿ ಮೂರು ಸಲ ಕರೆದು ನೆಲಕ್ಕಿಟ್ಟದ್ದು ಕನ್ನಡದ ಓದುಗನಿಗೆ ಬಾಲ್ಯದಿಂದ ಗೊತ್ತು. ಅವನಿಗೆ ಬೇಕಾದದ್ದು ಕಥೆಯಿಂದ ಹುಟ್ಟಿದ ನಡೆ. ಮಹಾಗಣಪತಿಯ ದರ್ಶನ ಮೊದಲು, ಮಹಾಬಲೇಶ್ವರನ ದರ್ಶನ ಆಮೇಲೆ ಎಂಬ ಕ್ರಮ ಏಕೆ ಬಂತು ಎಂಬಷ್ಟಕ್ಕೆ ಮಾತ್ರ ಕಥೆಯನ್ನು ಬಳಸಿಕೊಳ್ಳಬೇಕು.

ಕನ್ನಡದ ಪ್ರತಿಯಲ್ಲಿ ನಾವು ಬರೆದ ವಾಕ್ಯವೃಂದ ಹೀಗಿತ್ತು: "ಕೋಟಿತೀರ್ಥದಲ್ಲಿ ಅಥವಾ ಸಮುದ್ರದಲ್ಲಿ ಸ್ನಾನ ಮುಗಿಸಿ, ಮೊದಲು ಮಹಾಗಣಪತಿಯ ದರ್ಶನ ಮಾಡಿ, ನಂತರ ಮಹಾಬಲೇಶ್ವರನ ಸನ್ನಿಧಿಗೆ ಹೋಗುವುದು ಇಲ್ಲಿಯ ಪದ್ಧತಿ. ತಾಮ್ರಗೌರಿಯ ದರ್ಶನವನ್ನೂ ಮಾಡಿ ಬನ್ನಿ. ಪಿತೃಕಾರ್ಯ ಮಾಡಿಸುವವರು ಮನೆತನದ ಉಪಾಧಿವಂತರು ಯಾರೆಂದು ಹಿರಿಯರಲ್ಲಿ ಮೊದಲೇ ಕೇಳಿಕೊಂಡು, ಹಿಂದಿನ ದಿನವೇ ಅವರಿಗೆ ತಿಳಿಸಿ ಬಂದರೆ ಅನುಕೂಲ." ಈ ಕೊನೆಯ ವಾಕ್ಯ ಬೇರೆರಡು ಪ್ರತಿಗಳಲ್ಲಿ ಈ ರೂಪದಲ್ಲಿ ಇಲ್ಲ. ತಲೆಮಾರುಗಳಿಂದ ಒಂದೇ ಭಟ್ಟರ ಮನೆಗೆ ಬರುವ ಕುಟುಂಬಗಳಿಗೆ ಮಾತ್ರ ಅದು ಅರ್ಥವಾಗುವ ಮಾತು.

ಇದಾದ ಮೇಲೆ ಜಾಗ ಸಿಗುವುದು ದಾರಿಗೆ. ಒಳನಾಡಿನಿಂದ ಬರುವವರು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೋ, ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು ಅಂಕೋಲಾಕ್ಕೋ ಬರುತ್ತಾರೆ. ಮಳೆಗಾಲದಲ್ಲಿ ಘಟ್ಟದ ದಾರಿಗಳು ಮುಚ್ಚುವುದುಂಟು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದಾಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಮೊದಲು ದಾರಿ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ ಎಂಬ ಒಂದು ಸಾಲು ಕನ್ನಡದಲ್ಲಿ ಇರಲೇಬೇಕು, ಏಕೆಂದರೆ ಸ್ವಂತ ಗಾಡಿಯಲ್ಲಿ ಘಟ್ಟ ಇಳಿಯುವವರಲ್ಲಿ ಹೆಚ್ಚಿನವರು ಕನ್ನಡದ ಓದುಗರು. ಉಳಿದ ಜಾಗದಲ್ಲಿ ಪಂಚಕ್ಷೇತ್ರಗಳನ್ನು ಉತ್ತರದಿಂದ ದಕ್ಷಿಣಕ್ಕೆ, ಪ್ರಯಾಣದ ಕ್ರಮದಲ್ಲಿ ಬರೆಯಬಹುದು: ಕಾರವಾರದ ಬಳಿಯ ಸಜ್ಜೇಶ್ವರ, ಗೋಕರ್ಣ, ಕುಮಟಾ ತಾಲೂಕಿನ ಧಾರೇಶ್ವರ, ಹೊನ್ನಾವರ ತಾಲೂಕಿನ ಗುಣವಂತೆ, ಭಟ್ಕಳ ತಾಲೂಕಿನ ಮುರುಡೇಶ್ವರ. ಪುರಾಣದ ಕ್ರಮದಲ್ಲಿ ಬರೆದರೆ ಓದುಗ ಹೆದ್ದಾರಿಯ ಮೇಲೆ ಹಿಂದೆ ಮುಂದೆ ಓಡಾಡಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಹಿಂದಿಯ ಪ್ರತಿ

ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಕನ್ನಡಕ್ಕೂ ಹಿಂದಿಗೂ ಸಂಸ್ಕೃತದ ಪದಗಳು ಸಾಮಾನ್ಯವಾಗಿರುವುದರಿಂದ ಅನುವಾದ ತಾನಾಗಿಯೇ ಆಗಿಬಿಡುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ನಮ್ಮ ಮೊದಲ ಕರಪತ್ರದ ಹಿಂದಿ ತಲೆಬರಹ 'ಪ್ರವಾಸಿಯೋಂ ಕೇ ಲಿಏ ಸೂಚನಾ' ಎಂದಿತ್ತು. ಹಿಂದಿಯಲ್ಲಿ ಪ್ರವಾಸಿ ಎಂದರೆ ಊರು ಬಿಟ್ಟು ಬೇರೆಡೆ ನೆಲೆಸಿದವನು, ವಲಸಿಗ. ನಮ್ಮ ಪ್ರವಾಸಿಗನಿಗೆ ಹಿಂದಿಯಲ್ಲಿ ಪರ್ಯಟಕ ಎನ್ನಬೇಕು, ದೇವರ ದರ್ಶನಕ್ಕೆ ಬಂದವನಾದರೆ ತೀರ್ಥಯಾತ್ರೀ ಅಥವಾ ಶ್ರದ್ಧಾಲು. ಅದರ ಕೆಳಗೇ ಫೋಟೋ ತೆಗೆಯಲು 'ಅವಕಾಶ ನಹೀಂ' ಎಂದಿತ್ತು. ಹಿಂದಿಯ ಅವಕಾಶ್ ಎಂದರೆ ರಜೆ. ಬರಬೇಕಾದ್ದು 'ಅನುಮತಿ'. ಸಾವಿರ ಪ್ರತಿ ಅಚ್ಚಾದ ಮೇಲೆ ಇದು ಗೊತ್ತಾಯಿತು. ಅದನ್ನು ಓದಿ ನೋಡಿ ಸರಿಯಿದೆ ಎಂದಿದ್ದ ಕಾರವಾರದ ನಮ್ಮ ಸ್ನೇಹಿತರು ಕೊಂಕಣಿ, ಮರಾಠಿ ಬಲ್ಲವರು. ಮರಾಠಿಯಲ್ಲಿ ಪ್ರವಾಸೀ ಎಂದರೆ ಪ್ರಯಾಣಿಕನೇ ಆದ್ದರಿಂದ ಅವರ ಕಣ್ಣಿಗೆ ತಪ್ಪು ಕಾಣಲಿಲ್ಲ. ದೇವನಾಗರಿ ಓದಲು ಬಂದವರೆಲ್ಲ ಹಿಂದಿಯ ತಿದ್ದುಗರಾಗಲಾರರು ಎಂಬುದನ್ನು ಹೀಗೆ ಹಣ ಕೊಟ್ಟು ಕಲಿತೆವು. ಹಿಂದಿಯೇ ಮನೆಮಾತಾಗಿರುವವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಕಾರವಾರದ ನೌಕಾನೆಲೆಯಲ್ಲಿ, ಕೈಗಾದಲ್ಲಿ ಕೆಲಸ ಮಾಡುವ ಕುಟುಂಬಗಳಲ್ಲಿ ಒಬ್ಬರನ್ನು ಹುಡುಕಿ ಓದಿಸಿದರೆ ಒಂದು ಗಂಟೆಯ ಕೆಲಸ.

ಪದಗಳಿಗಿಂತ ದೊಡ್ಡ ತೊಡಕು ತಿಂಗಳುಗಳದ್ದು. ನಮ್ಮ ಪಂಚಾಂಗದಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರ ಭಾರತದ ಪಂಚಾಂಗಗಳಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ. ಶುಕ್ಲಪಕ್ಷದಲ್ಲಿ ಇಬ್ಬರಿಗೂ ತಿಂಗಳ ಹೆಸರು ಒಂದೇ, ಕೃಷ್ಣಪಕ್ಷದಲ್ಲಿ ಅವರು ಒಂದು ತಿಂಗಳು ಮುಂದಿರುತ್ತಾರೆ. ಮಹಾಶಿವರಾತ್ರಿ ನಮಗೆ ಮಾಘ ಬಹುಳ ಚತುರ್ದಶಿ, ಅವರಿಗೆ ಅದೇ ದಿನ ಫಾಲ್ಗುನ ಕೃಷ್ಣ ಚತುರ್ದಶಿ. ಕನ್ನಡದ ಸಾಲನ್ನು ಹಾಗೆಯೇ ಹಿಂದಿಗೆ ಇಳಿಸಿ 'ಮಾಘ ಕೃಷ್ಣ ಚತುರ್ದಶಿ' ಎಂದು ಅಚ್ಚು ಹಾಕಿದರೆ ಅದನ್ನು ನಂಬಿದವನು ಒಂದು ತಿಂಗಳು ಮೊದಲೇ ಬಂದಿಳಿಯುತ್ತಾನೆ. ಶಿವರಾತ್ರಿ ಎಲ್ಲರಿಗೂ ಗೊತ್ತಿರುವ ಹಬ್ಬವಾದ್ದರಿಂದ ಇಲ್ಲಿ ಯಾರೂ ಮೋಸಹೋಗಲಾರರು ಎನ್ನಬಹುದು. ಶ್ರಾವಣ ಸೋಮವಾರಗಳ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. 2025ನ್ನು ತೆಗೆದುಕೊಂಡು ನೋಡೋಣ. ಉತ್ತರದ 'ಸಾವನ್' ಜುಲೈ 11ಕ್ಕೆ ಶುರುವಾಗಿ ಆಗಸ್ಟ್ 9ಕ್ಕೆ ಮುಗಿಯಿತು, ಅದರ ಸೋಮವಾರಗಳು ಜುಲೈ 14, 21, 28 ಮತ್ತು ಆಗಸ್ಟ್ 4. ನಮ್ಮ ಶ್ರಾವಣ ಜುಲೈ 25ಕ್ಕೆ ಶುರುವಾಗಿ ಆಗಸ್ಟ್ 23ಕ್ಕೆ ಮುಗಿಯಿತು, ಸೋಮವಾರಗಳು ಜುಲೈ 28, ಆಗಸ್ಟ್ 4, 11 ಮತ್ತು 18. ಎರಡಕ್ಕೂ ಸಾಮಾನ್ಯವಾದದ್ದು ನಡುವಿನ ಎರಡು ಸೋಮವಾರ ಮಾತ್ರ. ಕರಪತ್ರದಲ್ಲಿ 'ಸಾವನ್ ಕೇ ಸೋಮವಾರ್' ಎಂದಷ್ಟೇ ಬರೆದರೆ ಜುಲೈ 14ಕ್ಕೆ ಬಂದ ಭಕ್ತ ವಿಶೇಷ ಪೂಜೆ ಎಲ್ಲಿ ಎಂದು ಕೇಳುತ್ತಾನೆ, ಇಲ್ಲಿ ಇನ್ನೂ ಆಷಾಢ.

ಇದಕ್ಕೆ ಸಾವನ್ ಎಂಬ ಪದವನ್ನು ಹದಿನೈದು ದಿನ ಸರಿಸಿ ಬರೆಯುವುದು ಪರಿಹಾರವಲ್ಲ. ಹಿಂದಿಯ ಪ್ರತಿಯನ್ನು ಮಹಾರಾಷ್ಟ್ರ, ಗುಜರಾತಿನವರೂ ಎತ್ತಿಕೊಳ್ಳುತ್ತಾರೆ, ಅವರ ತಿಂಗಳುಗಳು ನಮ್ಮವೇ. ಆದ್ದರಿಂದ ಹಬ್ಬದ ಹೆಸರಿನ ಮುಂದೆ ಇಂಗ್ಲಿಷ್ ತಿಂಗಳು, ತಾರೀಕು, ವರ್ಷ ಮೂರನ್ನೂ ಬರೆದು, ಕೆಳಗೆ 'ಕರ್ನಾಟಕದ ಪಂಚಾಂಗದ ಪ್ರಕಾರ' ಎಂದು ಸೇರಿಸಬೇಕು. ವರ್ಷ ಬದಲಾದಾಗ ಈ ಭಾಗ ಹಳತಾಗುತ್ತದೆ. ಅದಕ್ಕಾಗಿ ತಾರೀಕುಗಳನ್ನು ಕರಪತ್ರದೊಳಗೆ ಸಿಕ್ಕಿಸುವ ಒಂದು ಚಿಕ್ಕ ಚೀಟಿಯಲ್ಲಿ ಪ್ರತ್ಯೇಕವಾಗಿ ಅಚ್ಚು ಹಾಕಿಸುವುದು ಅಗ್ಗದ ಉಪಾಯ.

ಇನ್ನು ಪುರಾಣ. ರಾವಣನ ಕೈಯಿಂದ ಲಿಂಗ ನೆಲಕ್ಕಿಳಿದ ಕಥೆಯನ್ನು ಹಿಂದಿಯ ಓದುಗ ಕೇಳಿಯೇ ಬಂದಿರುತ್ತಾನೆ, ಆದರೆ ಅವನ ಕಥೆ ಬೇರೆ ಊರಿನಲ್ಲಿ ಮುಗಿದಿರುತ್ತದೆ. ಜಾರ್ಖಂಡದ ದೇವಘರದಲ್ಲಿ ಬೈದ್ಯನಾಥನಿಗೂ, ಉತ್ತರ ಪ್ರದೇಶದ ಲಖೀಂಪುರ ಖೀರಿ ಜಿಲ್ಲೆಯ ಗೋಲಾ ಗೋಕರ್ಣನಾಥನಿಗೂ ಇದೇ ರಾವಣನ ಕಥೆಯಿದೆ. ಆತ್ಮಲಿಂಗ ಇರುವುದು ಇಲ್ಲಿ ಮಾತ್ರ ಎಂದು ವಾದದ ದನಿಯಲ್ಲಿ ಬರೆದರೆ ದೇವಘರಕ್ಕೆ ಕಾವಡಿ ಹೊತ್ತವನಿಗೆ ನೋವಾಗುತ್ತದೆ. ನಾವು ಎರಡನೆಯ ಬಾರಿ, ರಾವಣ ಲಂಕೆಗೆ ಹೋಗುವ ದಾರಿಯ ಈ ಕಥೆಯನ್ನು ಪಶ್ಚಿಮ ಕಡಲಿನ ಜನ ಹೀಗೆ ಹೇಳುತ್ತಾರೆ ಎಂದು ಆರಂಭಿಸಿ, ಅವನು ಎಳೆದಾಗ ಲಿಂಗ ಹಸುವಿನ ಕಿವಿಯಂತೆ ತಿರುಚಿಕೊಂಡಿತು, ಅದರಿಂದ ಗೋಕರ್ಣ ಎಂಬ ಹೆಸರು ಬಂತು ಎಂಬ ಭಾಗಕ್ಕೆ ಒತ್ತು ಕೊಟ್ಟೆವು. ವಟುವಿನ ವೇಷದಲ್ಲಿ ಬಂದವನು ಗಣಪತಿ ಎಂಬುದು ಅವರಿಗೆ ಹೊಸದು, ಆದ್ದರಿಂದ ಮೊದಲು ಗಣಪತಿಯ ದರ್ಶನ ಏಕೆ ಎಂಬುದನ್ನು ಹಿಂದಿಯಲ್ಲಿ ಮೂರು ವಾಕ್ಯಗಳಷ್ಟು ವಿವರಿಸಿದೆವು. ಕನ್ನಡದಲ್ಲಿ ಅದಕ್ಕೆ ಅರ್ಧ ವಾಕ್ಯ ಸಾಕಾಗಿತ್ತು.

ಹೆಸರಿನ ಗೊಂದಲವನ್ನೂ ಮುಖಪುಟದಲ್ಲೇ ನಿವಾರಿಸಬೇಕು. 'ಮಹಾಬಲೇಶ್ವರ' ಎಂದರೆ ಉತ್ತರದವರಿಗೂ ಮರಾಠಿಯವರಿಗೂ ನೆನಪಾಗುವುದು ಸಾತಾರಾ ಜಿಲ್ಲೆಯ ಗಿರಿಧಾಮ, 'ಗೋಕರ್ಣ' ಎಂದರೆ ಕೆಲವರಿಗೆ ಗೋಲಾ. ಹಿಂದಿಯ ಪ್ರತಿಯ ಮೊದಲ ಸಾಲಿನಲ್ಲಿ ಗೋಕರ್ಣ, ಜಿಲ್ಲೆ ಉತ್ತರ ಕನ್ನಡ, ಕರ್ನಾಟಕ ಎಂದು ಪೂರ್ತಿ ಬರೆಯಿರಿ. ರೈಲಿನಲ್ಲಿ ಬರುವವರಿಗಾಗಿ ಕೊಂಕಣ ರೈಲ್ವೆಯ 'ಗೋಕರ್ಣ ರೋಡ್' ನಿಲ್ದಾಣ ಊರಿನಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿದೆ, ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ, ನಿಲ್ಲದಿದ್ದರೆ ಅಂಕೋಲಾ ಅಥವಾ ಕುಮಟಾದಲ್ಲಿ ಇಳಿಯಿರಿ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಬೇಕು.

ಐದನೆಯ ಹೆಜ್ಜೆ: ಇಂಗ್ಲಿಷಿನ ಪ್ರತಿ

ಇಲ್ಲಿ ಓದುಗನಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಬರೆಯಬೇಕು, ಆದರೆ ಅವನಿಗೆ ಬುದ್ಧಿಯಿಲ್ಲ ಎಂದುಕೊಂಡು ಬರೆಯಬಾರದು. ಪುರಾಣವನ್ನು ಐದಾರು ವಾಕ್ಯಗಳಲ್ಲಿ ಪೂರ್ತಿ ಹೇಳಿ, ಲಿಂಗ ಎಂದರೇನು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಹಿನ್ನೆಲೆ ಮುಗಿಯಿತು. ಆಮೇಲೆ ಬರಬೇಕಾದ್ದು ಅವನು ನಿಜವಾಗಿ ಕಣ್ಣೆದುರು ಕಾಣುವ ಸಂಗತಿ. ಬೆಳಿಗ್ಗೆ ಕೋಟಿತೀರ್ಥದ ಮೆಟ್ಟಿಲ ಮೇಲೋ ದಂಡೆಯ ಮರಳಿನಲ್ಲೋ ತಲೆ ಬೋಳಿಸಿಕೊಂಡ ಒಬ್ಬ ಮನುಷ್ಯ ಬಾಳೆ ಎಲೆಯ ಮೇಲೆ ಅನ್ನದ ಉಂಡೆಗಳನ್ನಿಟ್ಟು ಕುಳಿತಿರುತ್ತಾನೆ, ಪಕ್ಕದಲ್ಲಿ ಭಟ್ಟರು ಮಂತ್ರ ಹೇಳುತ್ತಿರುತ್ತಾರೆ. ಹೊರಗಿನವನಿಗೆ ಅದು ಬಹಳ ಸುಂದರವಾದ ಫೋಟೋ. ಆ ಮನುಷ್ಯ ತನ್ನ ತಂದೆಗೋ ತಾಯಿಗೋ ಪಿಂಡ ಇಡುತ್ತಿದ್ದಾನೆ, ಇದು ಮನೆಯ ದುಃಖದ ಕೆಲಸ ಎಂದು ಎರಡು ವಾಕ್ಯಗಳಲ್ಲಿ ತಿಳಿಸಿದರೆ ಕ್ಯಾಮೆರಾ ತಾನಾಗಿ ಕೆಳಗಿಳಿಯುತ್ತದೆ. 'ಫೋಟೋ ನಿಷೇಧಿಸಲಾಗಿದೆ' ಎಂಬ ಒಣ ಸಾಲಿಗಿಂತ ಇದು ಹೆಚ್ಚು ಕೆಲಸ ಮಾಡಿತು ಎಂದು ದಡದಲ್ಲಿ ಕಾರ್ಯ ಮಾಡಿಸುವ ಭಟ್ಟರೊಬ್ಬರೇ ಹೇಳಿದರು.

ಪ್ರವೇಶದ ವಿಷಯದಲ್ಲಿ ಮೆತ್ತಗೆ ಸುತ್ತಿ ಬಳಸಿ ಬರೆಯಬಾರದು. ದೇವಸ್ಥಾನದ ಕಚೇರಿ ಹೇಳಿದ ನಿಯಮವನ್ನು ನೇರವಾಗಿ ಬರೆದು, ಒಳಗೆ ಹೋಗಲಾಗದವರು ಎಲ್ಲಿಯವರೆಗೆ ಬರಬಹುದು, ಹೊರಗಿನಿಂದ ಏನು ನೋಡಬಹುದು ಎಂಬುದನ್ನು ಅದರ ಜೊತೆಗೇ ಹೇಳಬೇಕು. ಬಾಗಿಲಲ್ಲಿ ಗೊತ್ತಾಗುವ ನಿಷೇಧಕ್ಕಿಂತ ಕೋಣೆಯಲ್ಲಿ ಓದಿದ ನಿಷೇಧ ಕಡಿಮೆ ಕಹಿ. ಗೋವಾದಲ್ಲಿ ಈಗ ದಾಬೋಳಿ, ಮೋಪಾ ಎಂದು ಎರಡು ವಿಮಾನ ನಿಲ್ದಾಣಗಳಿರುವುದರಿಂದ 'ಗೋವಾ ವಿಮಾನ ನಿಲ್ದಾಣದಿಂದ ಇಷ್ಟು ಗಂಟೆ' ಎಂಬ ಹಳೆಯ ಸಾಲು ಉಪಯೋಗಕ್ಕಿಲ್ಲ. ಮೋಪಾ ಗೋವಾದ ಉತ್ತರದ ತುದಿಯಲ್ಲಿದೆ, ಅಲ್ಲಿಂದ ಬರುವವರು ಇಡೀ ಗೋವಾ ದಾಟಿ ಬರಬೇಕು. ಎರಡಕ್ಕೂ ಪ್ರತ್ಯೇಕ ಸಾಲು ಬೇಕು. ಊಟದ ಬಗ್ಗೆ ಹೆಚ್ಚು ಬೇಡ: ತಂಬುಳಿ, ಅಪ್ಪೆಹುಳಿ, ಮುರುಗಲು ಪಾನಕ ಇವುಗಳಲ್ಲಿ ಏನೇನು ಇರುತ್ತದೆ ಎಂದು ತಿಳಿಸಿದರೆ ಸಾಕು.

ಕಡಲಿನ ಎಚ್ಚರಿಕೆ ಮಾತ್ರ ಇಂಗ್ಲಿಷಿಗೆ ಸೀಮಿತವಾಗಬಾರದು. ಬೀಚಿಗೆ ಹೋಗುವವರು ಇಂಗ್ಲಿಷ್ ಓದುಗರು, ದೇವಸ್ಥಾನಕ್ಕೆ ಹೋಗುವವರು ಕನ್ನಡದ ಓದುಗರು ಎಂಬ ವಿಂಗಡಣೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಒಳಜಿಲ್ಲೆಗಳಿಂದ ಬಸ್ಸು ಮಾಡಿಕೊಂಡು ಬರುವ ವಿದ್ಯಾರ್ಥಿಗಳು ಮೊದಲು ಓಡುವುದು ನೀರಿಗೆ, ಮತ್ತು ಅವರಲ್ಲಿ ಅನೇಕರಿಗೆ ಕೆರೆಯ ಈಜು ಕೂಡ ಬಾರದು. ಅಲೆ ಒಡೆಯದೆ ನೀರು ಶಾಂತವಾಗಿ ಕಾಣುವ ಪಟ್ಟಿಯಲ್ಲೇ ಹಿಂದಕ್ಕೆಳೆಯುವ ಸೆಳೆತ ಇರಬಹುದು, ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಹೋರಾಡದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು, ಮಳೆಗಾಲದಲ್ಲಿ ನೀರಿಗೆ ಇಳಿಯಲೇಬಾರದು, ಓಂ ಬೀಚಿನ ಬಂಡೆಗಳ ಮೇಲೆ ಸೆಲ್ಫಿಗಾಗಿ ಹತ್ತಬಾರದು ಎಂಬ ನಾಲ್ಕು ಮಾತುಗಳು ಮೂರೂ ಪ್ರತಿಗಳಲ್ಲಿ ಒಂದೇ ಗಾತ್ರದ ಅಕ್ಷರದಲ್ಲಿ ಬರಲಿ.

ಆರನೆಯ ಹೆಜ್ಜೆ: ಹಾಳೆಯ ಮೇಲೆ ಇಳಿಸುವುದು

ಎ4 ಹಾಳೆಯನ್ನು ಮೂರು ಮಡಿಕೆ ಮಾಡಿದರೆ ಆರು ಪುಟ ಸಿಗುತ್ತವೆ, ಒಂದು ಕರಪತ್ರಕ್ಕೆ ಅದು ಧಾರಾಳ. 297 ಮಿಲಿಮೀಟರ್ ಅಗಲವನ್ನು ಸಮನಾಗಿ ಮೂರು ಪಾಲು ಮಾಡದೆ 100, 100, 97 ಎಂದು ಮಾಡಿ, ಒಳಗೆ ಮಡಚಿಕೊಳ್ಳುವ ಪುಟಕ್ಕೆ 97 ಕೊಡಬೇಕು. ಇಲ್ಲವಾದರೆ ಮಡಚುವಾಗ ಆ ಪುಟದ ಅಂಚು ಮುದುಡುತ್ತದೆ. ಒಂದೇ ವಿಷಯಕ್ಕೆ ಮೂರು ಭಾಷೆಗಳು ಒಂದೇ ಜಾಗ ಕೇಳುವುದಿಲ್ಲ. ಕನ್ನಡಕ್ಕೆ ಒತ್ತಕ್ಷರಗಳಿರುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಸಾಲಂತರ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದಿಲ್ಲ. ಕನ್ನಡದ ಪದಗಳು ಉದ್ದವಾದ್ದರಿಂದ 100 ಮಿಲಿಮೀಟರಿನ ಕಿರಿದಾದ ಪುಟದಲ್ಲಿ ಎರಡೂ ಅಂಚು ಸಮ ಮಾಡಿಸಿದರೆ ಪದಗಳ ನಡುವೆ ಹೊಂಡಗಳು ಬೀಳುತ್ತವೆ. ಎಡಕ್ಕೆ ಮಾತ್ರ ಸಮವಾಗಿ ಬಿಡಿ.

ಡಿಟಿಪಿ ಅಂಗಡಿಗಳಲ್ಲಿ ಯೂನಿಕೋಡ್ ಬರಹವನ್ನು ಹಳೆಯ ಫಾಂಟುಗಳಿಗೆ ಬದಲಾಯಿಸಿಕೊಳ್ಳುವಾಗ, ಅಥವಾ ಭಾರತೀಯ ಲಿಪಿಗಳನ್ನು ಜೋಡಿಸಲು ಬಾರದ ತಂತ್ರಾಂಶದಲ್ಲಿ ತೆರೆದಾಗ ಅಕ್ಷರಗಳು ಕೆಡುತ್ತವೆ. ಕನ್ನಡದಲ್ಲಿ ಪರೀಕ್ಷೆಗೆ 'ಗೋಕರ್ಣ' ಎಂಬ ಪದವೇ ಸಾಕು: ಅರ್ಕಾವತ್ತು 'ಣ'ದ ಬಲಕ್ಕೆ ನಿಂತಿದೆಯೇ ನೋಡಿ. ಹಿಂದಿಯಲ್ಲಿ ಇಕಾರದ ಚಿಹ್ನೆ ವ್ಯಂಜನದ ಎಡಕ್ಕೆ ಬರಬೇಕಾದ್ದು ಬಲಕ್ಕೆ ಬಿದ್ದುಬಿಡುತ್ತದೆ, ಆಗ 'ಶಿವ' ಎಂಬುದು 'ಶವಿ' ಎಂದು ಓದಿಸಿಕೊಳ್ಳುತ್ತದೆ. ಶಿವನ ಕ್ಷೇತ್ರದ ಕರಪತ್ರದ ಮೇಲೆ 'ಶವ' ಕಾಣಿಸಿಕೊಳ್ಳುವುದು ಯಾರಿಗೂ ಬೇಡ. ಆದ್ದರಿಂದ ಪಿಡಿಎಫ್ ಮಾಡಿದ ಮೇಲೆ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಆ ಭಾಷೆ ಓದಬಲ್ಲವರಿಂದ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸಿ. ಕಳುಹಿಸಿದ ಕಡತ ಸರಿಯಿತ್ತು ಎಂಬ ಸಮಾಧಾನ ಅಚ್ಚಾದ ಮೇಲೆ ಪ್ರಯೋಜನಕ್ಕೆ ಬಾರದು.

ಕೊನೆಯದಾಗಿ, ಮೂರು ಪ್ರತಿಗಳನ್ನೂ ಊರು ಗೊತ್ತಿಲ್ಲದ ಒಬ್ಬೊಬ್ಬರ ಕೈಗೆ ಕೊಟ್ಟು ಒಂದೊಂದು ಕೆಲಸ ಹೇಳಿ. ಚೆನ್ನಾಗಿದೆಯೇ ಎಂದು ಕೇಳಬೇಡಿ, ಹೌದು ಎಂದೇ ಹೇಳುತ್ತಾರೆ. ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದಿದ್ದೀರಿ, ಈ ಕಾಗದ ಬಿಟ್ಟು ಬೇರೇನೂ ನೋಡದೆ ಕೋಟಿತೀರ್ಥ ತಲುಪುವುದು ಹೇಗೆ ಎಂದು ಕೇಳಿ. ಎಲ್ಲಿ ತಡೆದರೋ ಅಲ್ಲಿ ಒಂದು ವಾಕ್ಯ ಕಡಿಮೆಯಾಗಿದೆ. ನಮ್ಮ ಇಂಗ್ಲಿಷ್ ಪ್ರತಿ ಹಿಡಿದ ತರುಣಿಯೊಬ್ಬಳು ನಕ್ಷೆಯನ್ನು ತಿರುಗಿಸಿ ಹಿಡಿದಿದ್ದಳು. ಕಡಲು ಪುಟದ ಎಡಕ್ಕಿದೆ ಎಂದು ನಮಗೆ ಗೊತ್ತಿದ್ದರಿಂದ ಸಮುದ್ರ ಎಂದು ಬರೆಯುವುದನ್ನೇ ಮರೆತಿದ್ದೆವು.

ಮೊದಲ ಅಚ್ಚಿಗೆ ಭಾಷೆಗೆ 500 ಪ್ರತಿಗಿಂತ ಹೆಚ್ಚು ಹಾಕಿಸಬೇಡಿ. ಹಿಂಬದಿಯ ಕೆಳಮೂಲೆಯಲ್ಲಿ ಮುದ್ರಣದ ತಿಂಗಳು, ವರ್ಷ ಮತ್ತು 'ಸಮಯಗಳನ್ನು ದೇವಸ್ಥಾನದ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ' ಎಂಬ ಸಾಲು ಇರಲಿ. ತಿಂಗಳಿಗೊಮ್ಮೆ ಕೌಂಟರಿನಲ್ಲಿ ಯಾವ ಬಣ್ಣದ ಕಟ್ಟು ಎಷ್ಟು ಇಳಿದಿದೆ ಎಂದು ಎಣಿಸಿ ಬರೆದಿಟ್ಟರೆ ಎರಡನೆಯ ಅಚ್ಚಿನ ಲೆಕ್ಕ ಅಲ್ಲೇ ಸಿಗುತ್ತದೆ. ನಮ್ಮಲ್ಲಿ ಮೊದಲು ಖಾಲಿಯಾದದ್ದು ಇಂಗ್ಲಿಷ್ ಇರಬಹುದೆಂದು ಎಲ್ಲರೂ ಅಂದುಕೊಂಡಿದ್ದರು, ಖಾಲಿಯಾದದ್ದು ಹಿಂದಿ.